ಮಯಿಲೆಯ ದಣಿವು

ನಮ್ಮ ಆಫೀಸಿನಲ್ಲಿ ನನ್ನನ್ನು ಜಡ್ಜಮ್ಮ ಅಂತ ಕರೆಯುತ್ತಾರೆ. ಬೆನ್ನ ಹಿಂದೆ ಅಂದುಕೊಂಡಿದ್ದಾರೆ, ಆದರೆ ಕೊಯಮತ್ತೂರಿನ ಗಣಪತಿ ಬಡಾವಣೆಯ ಪಂಪ್‌ಸೆಟ್ ಅಂಗಡಿಯೊಂದರ ಮಹಡಿಯಲ್ಲಿ ಇರುವ ಆ ಎರಡು ಕೋಣೆಗಳಲ್ಲಿ ಯಾರ ಬೆನ್ನ ಹಿಂದೂ ಏನೂ ನಡೆಯುವುದಿಲ್ಲ. ಗೋಡೆ ಅಷ್ಟು ತೆಳು. ನನಗೇನೂ ಬೇಸರವಿಲ್ಲ. ನಾಲ್ಕು ಜನ ಜಾಣರು ಒಂದೇ ಆಟ ಕಟ್ಟುವಾಗ ಒಬ್ಬಳಾದರೂ ಗಂಟುಮುಖ ಹಾಕಿಕೊಂಡು ಕೂರಲೇಬೇಕು. ಆ ಕೆಲಸಕ್ಕೆ ಪ್ರೊಡ್ಯೂಸರ್ ಅಂತ ಹೆಸರು.

ನಾವು ಮಾಡುತ್ತಿದ್ದದ್ದು ಒಂದು ವಿಡಿಯೋ ಗೇಮ್. ಕಾಂಗೇಯಂನಿಂದ ಕೊಯಮತ್ತೂರಿಗೆ ಎಣ್ಣೆ ಡಬ್ಬ ಹೇರಿಕೊಂಡು ಹೊರಟ ಒಂಟೆತ್ತಿನ ಬಂಡಿ. ಆಡುವವರು ಬಂಡಿ ಹೊಡೆಯಬೇಕು. ಎತ್ತಿನ ಹೆಸರು ಮಯಿಲೆ, ಬೂದು ಮೈಯ ಕಾಂಗೇಯಂ ತಳಿ. ದಣಿದಾಗ ನಿಲ್ಲಿಸಿ ನೀರು ಕುಡಿಸದಿದ್ದರೆ ಅದು ನಡುದಾರಿಯಲ್ಲಿ ಕೂತುಬಿಡುತ್ತದೆ, ಆಟ ಮುಗಿಯಿತು.

ಇದನ್ನೆಲ್ಲ ಯೋಚಿಸಿದವಳು ನಮ್ಮ ಡಿಸೈನರ್ ತೆನ್ಮೊಳಿ. ಕಾಂಗೇಯಂ ಕಡೆಯ ಹುಡುಗಿ, ಮನೆಯಲ್ಲಿ ನಮ್ಮ ಹಾಗೇ ಕನ್ನಡ, ಓದಿದ್ದೆಲ್ಲ ತಮಿಳು. ಅವಳಪ್ಪ ಚಿನ್ನಸಾಮಿ ಈಗಲೂ ಎತ್ತು ಸಾಕುತ್ತಾರೆ. ಅವಳ ಹಟ ಒಂದೇ: ಎತ್ತಿನ ದಣಿವನ್ನು ತೋರಿಸಲು ಪರದೆಯ ಮೂಲೆಯಲ್ಲಿ ಪಟ್ಟಿ ಇರಕೂಡದು. ಬೇರೆ ಆಟಗಳಲ್ಲಿ ಶಕ್ತಿ ಕಡಿಮೆಯಾದಂತೆ ಹಸಿರಿನಿಂದ ಕೆಂಪಿಗೆ ಕುಗ್ಗುತ್ತ ಹೋಗುತ್ತದಲ್ಲ, ಆ ಪಟ್ಟಿ.

ನಮ್ಮ ಆಟವನ್ನು ಮಾರುಕಟ್ಟೆಗೆ ತರಬೇಕಾದ ಚೆನ್ನೈ ಕಂಪನಿಗೆ ಇದು ಹಿಡಿಸಲಿಲ್ಲ. ಜನಕ್ಕೆ ಅರ್ಥವಾಗುವುದಿಲ್ಲ, ಪಟ್ಟಿ ಹಾಕಿ ಅಂದರು. ನಾನು ಫೋನಿನಲ್ಲಿ ಜಗಳವಾಡಿ ಒಂದು ಅವಕಾಶ ಗಿಟ್ಟಿಸಿದೆ. ಅವರ ಕಡೆಯ ವಸಂತಕುಮಾರ್ ಬಂದು ಆಡಿ ನೋಡುತ್ತಾರೆ. ಎತ್ತು ದಣಿದದ್ದು ಅವರಿಗೆ ತಾನಾಗಿ ತಿಳಿದರೆ ಪಟ್ಟಿ ಬೇಡ. ತಿಳಿಯದಿದ್ದರೆ ಪಟ್ಟಿ ಬರುತ್ತದೆ, ಮಾತಿಲ್ಲ.

"ಪಟ್ಟಿ ಬಂದ್ರೆ ಯಾರಕ್ಕಾ ಎತ್ತ ನೋಡ್ತಾರೆ?" ಅಂದಳು ತೆನ್ಮೊಳಿ. "ಎಲ್ಲಾರೂ ಮೂಲೆನೇ ನೋಡ್ತಾರೆ. ಆಮೇಲ್ ಅದು ಎತ್ತಾದ್ರೇನು, ಲಾರಿಯಾದ್ರೇನು."

ಅವಳು ಹೇಳಿದ್ದು ಸರಿ. ಅವಳು ಮಾಡಿದ್ದು ಮಾತ್ರ ತಪ್ಪು. ಮಾರನೇ ದಿನ ನಮ್ಮ ಚಿತ್ರಗಾರ್ತಿ ಶಿವಗಾಮಿಯ ಪಕ್ಕ ಕುರ್ಚಿ ಎಳೆದುಕೊಂಡು ಕಿವಿ ಹೀಗೆ ಬೀಳಲಿ, ಬಾಲ ಹಾಗೆ ಆಡಲಿ ಅಂತ ಶುರು ಮಾಡಿದಳು. ಆಮೇಲೆ ಸೌಂಡ್ ನೋಡಿಕೊಳ್ಳುವ ತಿರುಮೂರ್ತಿಯ ಮುಂದೆ ತಾನೇ ಉಸ್ಸುಬುಸ್ಸು ಅಂತ ಏದುಸಿರು ಬಿಟ್ಟು ತೋರಿಸಿದಳು. ತಿರುಮೂರ್ತಿ ಹೆಡ್‌ಫೋನ್ ತೆಗೆಯದೆ ನಕ್ಕ. ಶಿವಗಾಮಿ ನಗಲಿಲ್ಲ.

ನಾನು ಎಲ್ಲರನ್ನೂ ಕೂರಿಸಿದೆ. "ತೆನ್ಮೊಳಿ, ಆಡೋರಿಗೆ ಏನ್ ತಿಳೀಬೇಕು ಅಂತ ನೀನ್ ಹೇಳು. ಅದ್ನ ಹೆಂಗ್ ತಿಳ್ಸೋದು ಅನ್ನೋದು ಅವ್ರಿಗ್ ಬಿಡು."

ಅವಳು ಮುಖ ಊದಿಸಿಕೊಂಡೇ ಹೇಳಿದಳು. "ಮೂರ್ ವಿಷ್ಯ ತಿಳೀಬೇಕು. ಎತ್ತು ಚೆನ್ನಾಗೈತೆ. ಎತ್ತಿಗೆ ಆಯಾಸ ಶುರುವಾತು. ಇನ್ನೊಂಚೂರು ಹೋದ್ರೆ ಕೂತ್ಕೋತೈತೆ. ಅಷ್ಟೇ."

ಅಷ್ಟು ಸಾಕಿತ್ತು. ಶಿವಗಾಮಿ ಆಗಲೇ ಪೆನ್ ಹಿಡಿದಿದ್ದಳು. ತಲೆ ತಗ್ಗುವುದು, ಪಕ್ಕೆ ಬೇಗ ಬೇಗ ಏರಿಳಿಯುವುದು, ಬಾಯಲ್ಲಿ ನೊರೆ. ತಿರುಮೂರ್ತಿ ಉಸಿರಿನ ಜೊತೆ ಕೊರಳ ಗಂಟೆಯನ್ನೂ ಸೇರಿಸುತ್ತೇನೆ ಅಂದ. ನಡಿಗೆ ಎಡವಿದರೆ ಗಂಟೆಯ ತಾಳವೂ ತಪ್ಪುತ್ತದೆ. ಕಿವಿ ಕೇಳದವರು ನೋಡಿ ತಿಳಿಯಲಿ, ಕಣ್ಣು ದಾರಿಯ ಮೇಲಿಟ್ಟವರು ಕೇಳಿ ತಿಳಿಯಲಿ ಅಂತ ಒಪ್ಪಂದವಾಯಿತು.

ಇವೆರಡನ್ನೂ ಹೊಲಿಯುವ ಕೆಲಸ ಪ್ರೋಗ್ರಾಮರ್ ಮಾಧವನದು. ಅವನು ಪ್ರೋಗ್ರಾಮಿನೊಳಗೆ ದಣಿವು ಅಂತ ಒಂದೇ ಒಂದು ಸಂಖ್ಯೆ ಇಟ್ಟ. ಎತ್ತು ನಡೆದಂತೆ ಅದು ಏರುತ್ತದೆ, ನಿಂತು ನೀರು ಕುಡಿದರೆ ಇಳಿಯುತ್ತದೆ. ಶಿವಗಾಮಿಯ ಚಲನೆಗಳೂ ತಿರುಮೂರ್ತಿಯ ಸದ್ದುಗಳೂ ಅದನ್ನೇ ಓದಿಕೊಂಡು ಬದಲಾಗುತ್ತವೆ. ಏರುದಾರಿಯಲ್ಲಿ ಎಷ್ಟು ಬೇಗ ಏರಬೇಕು, ಯಾವ ಹಂತದಲ್ಲಿ ಆಯಾಸ ಕಾಣಬೇಕು ಅನ್ನುವುದನ್ನು ತೆನ್ಮೊಳಿ ತಾನೇ ಬದಲಿಸಬಹುದಾದ ಒಂದು ಕೋಷ್ಟಕ ಮಾಡಿಕೊಟ್ಟ. ಪ್ರತಿ ಸಣ್ಣ ಬದಲಾವಣೆಗೂ ಅವಳು ಅವನ ತಲೆ ತಿನ್ನಬೇಕಾಗಿಲ್ಲ. ನೋಡಿ, ಇದು ಕೆಲಸ ಅಂದರೆ. ಆ ಸಂಜೆ ಮನೆಗೆ ಹೋಗುವಾಗ ನನಗೆ ಕೊಬ್ಬು ಏರಿತ್ತು ಅಂತಲೇ ಹೇಳಬೇಕು.

ಮನೆಯಲ್ಲಿ ನನ್ನಮ್ಮ ತುಳಸಮ್ಮ ಆ ಕೊಬ್ಬು ಇಳಿಸುತ್ತಾರೆ. "ಒಬ್ಳು ಯೋಚ್ನೆ ಮಾಡ್ತಾಳೆ, ಒಬ್ಳು ಚಿತ್ರ ಬರೀತಾಳೆ, ಒಬ್ಬ ಕಂಪ್ಯೂಟರ್‌ಗೆ ಹೇಳ್ತಾನೆ, ಒಬ್ಬ ಸದ್ದು ಮಾಡ್ತಾನೆ. ನೀನು ಊಟಕ್ಕಿಲ್ಲದ ಉಪ್ಪಿನಕಾಯಿ ತರ ಅಲ್ಲೇನ್ ಮಾಡ್ತೀಯ ಶ್ರೀವಾಣಿ?"

ಏನು ಮಾಡುತ್ತೇನೆ ಅನ್ನುವುದು ವಸಂತಕುಮಾರ್ ಬರುವ ಮುಂಚಿನ ವಾರ ತಿಳಿಯಿತು.

ಅಂದು ಮಧ್ಯಾಹ್ನ ನಾನೇ ಕೂತು ಆಡಿದೆ. ನಡುದಾರಿಯ ಪಲ್ಲಡಂ ದಾಟುವಷ್ಟರಲ್ಲಿ ಮಯಿಲೆ ಪ್ರಾಣ ಹೋಗುವಂತೆ ಏದುಸಿರು ಬಿಡುತ್ತಿತ್ತು. ಆದರೆ ಮದುವೆ ದಿಬ್ಬಣದ ಎತ್ತಿನಂತೆ ತಲೆಯೆತ್ತಿ ನಡೆಯುತ್ತಿತ್ತು. ನಾನು ಕಣ್ಣು ನಂಬಿದೆ, ಮುಂದೆ ಹೊಡೆದೆ. ತಲೆ ಇನ್ನೂ ತಗ್ಗದೆ ಇರುವಾಗಲೇ ಅದು ಧೊಪ್ಪನೆ ಕೂತಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಇಲ್ಲಿ ಒಂದೇ ಎತ್ತು ಎರಡೂ ಕಡೆ ಎಳೆಯುತ್ತಿತ್ತು.

ತೆನ್ಮೊಳಿಯ ಮುಖ ಬಿಳಿಚಿಕೊಂಡಿತು. "ನಾನ್ ಏನೂ ಮುಟ್ಟಿಲ್ಲಕ್ಕಾ. ಟೇಬಲ್ ಹಂಗೇ ಐತೆ."

ಶಿವಗಾಮಿ ತಿರುಮೂರ್ತಿಯನ್ನು ನೋಡಿದಳು, ತಿರುಮೂರ್ತಿ ಶಿವಗಾಮಿಯನ್ನು ನೋಡಿದ. ಮಾಧವ ಕೀಬೋರ್ಡನ್ನು ನೋಡುತ್ತಿದ್ದ. ನನಗೆ ಅರ್ಥವಾಯಿತು.

"ಮಾಧವ್, ದಣಿವಿನ ಸಂಖ್ಯೆಗಳು ಈಗ ಎಷ್ಟಿವೆ?"

"ಮೂರು," ಅಂದ ತಗ್ಗಿದ ದನಿಯಲ್ಲಿ.

ಮಾಧವ ಬಹಳ ಒಳ್ಳೆಯವನು. ಕಷ್ಟ ಅದೇ. ನಮ್ಮ ಕೊಯಮತ್ತೂರಿನ ಕಡೆ ಯಾರಾದರೂ ಟೀ ಕೊಡಿಸಿ ಏನಾದರೂ ಕೇಳಿದರೆ ಇಲ್ಲ ಅನ್ನುವುದು ಮರ್ಯಾದೆಯಲ್ಲ, "ಆಗ್ಲಿ, ಮಾಡೋಣುಂಗ" ಅಂತ ಮರ್ಯಾದೆಯ 'ಂಗ' ಸೇರಿಸಿ ಅನ್ನಬೇಕು. ಬೇಕರಿಯ ಮುಂದೆ ಟೀ ಕೊಡಿಸಿ ತಿರುಮೂರ್ತಿ ಕೇಳಿದ್ದ, ಉಸಿರಿನ ಸದ್ದು ಇನ್ನಷ್ಟು ಮುಂಚೆ ಶುರುವಾದರೆ ಚೆನ್ನ ಅಂತ. ಮಾಧವ ಸದ್ದಿಗೆಂದೇ ಬೇಗ ಏರುವ ಬೇರೆ ಸಂಖ್ಯೆ ಮಾಡಿಕೊಟ್ಟ. ಇನ್ನೊಂದು ದಿನ ಊಟದ ಹೊತ್ತಿಗೆ ಶಿವಗಾಮಿ ಕೇಳಿದ್ದಳು, ತಲೆ ಅಷ್ಟು ಬೇಗ ತಗ್ಗಿದರೆ ಚೆಂದದ ನಡಿಗೆ ಯಾರಿಗೂ ಕಾಣದು ಅಂತ. ಅವಳಿಗೊಂದು ನಿಧಾನದ್ದು ಮಾಡಿಕೊಟ್ಟ. ಎತ್ತು ಕೂರುವುದು ಮಾತ್ರ ತೆನ್ಮೊಳಿಯ ಹಳೆಯ ಲೆಕ್ಕದಂತೆ. ಕೇಳಿದವರ ಎರಡು ಮಾತೂ ನ್ಯಾಯವಾದವೇ. ಅತಿ ಸ್ನೇಹ ಗತಿ ಕೇಡು ಅಂತ ಹಿರಿಯರು ಸುಮ್ಮನೆ ಅಂದಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. "ಸದ್ದು ಚೆನ್ನಾಗಿದ್ಯಾ, ಅದು ತಿರುಮೂರ್ತಿ ಹೇಳ್ಲಿ. ನಡಿಗೆ ಚೆನ್ನಾಗಿದ್ಯಾ, ಶಿವಗಾಮಿ ಹೇಳ್ಲಿ. ಎತ್ತಿಗೆ ಯಾವಾಗ ಆಯಾಸ ಆಗುತ್ತೆ ಅನ್ನೋದು ತೆನ್ಮೊಳಿ ಒಬ್ಳೇ ಹೇಳ್ಬೇಕು. ಬದ್ಲಾಯಿಸ್ಬೇಕಾ, ಅವಳತ್ರ ಕೇಳಿ. ಅವ್ಳು ಒಪ್ಲಿಲ್ವಾ, ನನ್ನತ್ರ ಬನ್ನಿ. ಮಾಧವನಿಗೆ ಯಾರೂ ಟೀ ಕೊಡ್ಸೋ ಹಂಗಿಲ್ಲ."

"ಟೀನೂ ಬೇಡ್ವಾಂಗ?" ಅಂದ ಮಾಧವ.

"ನಿನ್ ಟೀ ನೀನೇ ಕುಡಿ."

ಎಲ್ಲರೂ ನಕ್ಕರು, ನನ್ನೊಬ್ಬಳನ್ನು ಬಿಟ್ಟು. ಅವನು ಎರಡು ಸಂಖ್ಯೆಗಳನ್ನು ಕಿತ್ತು ಹಾಕಿದ. ತೆನ್ಮೊಳಿ ತಿರುಮೂರ್ತಿಯ ಮಾತನ್ನೂ ಶಿವಗಾಮಿಯ ಮಾತನ್ನೂ ಕೇಳಿದಳು. ಆಯಾಸ ಸ್ವಲ್ಪ ಮುಂಚೆಯೇ ಶುರುವಾಗಲಿ, ಆದರೆ ನಿಧಾನವಾಗಿ ಏರಲಿ ಅಂತ ಕೋಷ್ಟಕ ತಿದ್ದಿದಳು. ಸದ್ದು, ನಡಿಗೆ ಒಟ್ಟಿಗೆ ಹೊರಳಿದವು.

ಅದಾದ ಮೇಲೆ ನಾನು ಮಾಧವನಿಗೆ ಇನ್ನೊಂದು ಕೆಲಸ ಹೇಳಿದೆ, ಎಲ್ಲರೆದುರೇ. "ಒಂದು ಪಟ್ಟಿನೂ ಮಾಡಿಡು. ಬೇಕಾದ್ರೆ ಮಾತ್ರ ಕಾಣೋ ಹಂಗೆ."

ತೆನ್ಮೊಳಿ ಎದ್ದು ನಿಂತಳು. ಅವಳ ಕಣ್ಣಲ್ಲಿ ನೀರು ಬಂದಿತ್ತು. "ನೀವೇ ಕೈ ಬಿಟ್ಬಿಟ್ರಾ ಅಕ್ಕಾ?"

"ಬಿಟ್ಟಿಲ್ಲ. ಪಟ್ಟಿ ಬೇಡ ಅನ್ನೋದು ನಿನ್ ಕೆಲ್ಸ. ಅವ್ರು ಬೇಕು ಅಂದ ದಿನ ಆಟ ನಿಂತೋಗ್ದಂಗೆ ನೋಡ್ಕೊಳ್ಳೋದು ನನ್ ಕೆಲ್ಸ. ನಿನ್ ಕೆಲ್ಸ ನೀನ್ ಗೆಲ್ಲು."

ಅವಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಅವಳ ಸಿಟ್ಟು ನನಗೆ ಒಳಗೊಳಗೇ ಹಿಡಿಸಿತು. ತನ್ನ ಕೆಲಸಕ್ಕಾಗಿ ಹಾಗೆ ಉರಿಯುವವರು ಎಷ್ಟು ಜನ ಸಿಗುತ್ತಾರೆ?

ವಸಂತಕುಮಾರ್ ಬಂದರು. ಸಣ್ಣ ಮೀಸೆ, ದೊಡ್ಡ ಬ್ಯಾಗು, ಚೆನ್ನೈ ತಮಿಳು. ಎತ್ತನ್ನು ಹತ್ತಿರದಿಂದ ನೋಡಿದವರಲ್ಲ ಅಂತ ಅವರೇ ಹೇಳಿದರು. ಹೆಡ್‌ಫೋನ್ ಹಾಕಿಕೊಂಡು ಆಡಲು ಕೂತರು. ನಾವು ಐವರೂ ಅವರ ಹಿಂದೆ ಗೋಡೆಗೆ ಒರಗಿ ನಿಂತೆವು. ಯಾರೂ ಏನೂ ಹೇಳಿಕೊಡಕೂಡದು ಅಂತ ಕಟ್ಟಪ್ಪಣೆ ಮಾಡಿದ್ದೆ.

ಕಾಂಗೇಯಂ ಬಿಟ್ಟರು. ಎರಡು ಊರು ದಾಟಿದರು. ಅಷ್ಟರಲ್ಲಿ ಅವರ ಫೋನ್ ಹೊಡೆದುಕೊಂಡಿತು. ಅವರು ಹೆಡ್‌ಫೋನನ್ನು ತೆಗೆದು ಮೇಜಿನ ಮೇಲಿಟ್ಟು, ಫೋನನ್ನು ಭುಜಕ್ಕೂ ಕೆನ್ನೆಗೂ ನಡುವೆ ಸಿಕ್ಕಿಸಿಕೊಂಡು ಮಾತಾಡುತ್ತಲೇ ಆಟ ಮುಂದುವರಿಸಿದರು. ತಿರುಮೂರ್ತಿಯ ವಾರಗಟ್ಟಲೆ ದುಡಿಮೆ ಮೇಜಿನ ಮೇಲೆ ಇರುವೆಯಷ್ಟು ಸದ್ದು ಮಾಡುತ್ತ ಬಿದ್ದಿತ್ತು. ತೆನ್ಮೊಳಿ ನನ್ನ ಕೈ ಹಿಡಿದಳು. ಮುನಿಸು ಮರೆತುಹೋಗಿತ್ತು.

ಪರದೆಯ ಮೇಲೆ ಏರುದಾರಿ ಬಂತು. ಮಯಿಲೆಯ ಪಕ್ಕೆ ಬೇಗ ಬೇಗ ಏರಿಳಿಯತೊಡಗಿತು. ತಲೆ ತಗ್ಗಿತು. ಅವರು ಫೋನಿನಲ್ಲಿ ಯಾವುದೋ ರೈಲಿನ ಟಿಕೆಟ್ ಬಗ್ಗೆ ಹೇಳುತ್ತಿದ್ದರು. ಎತ್ತಿನ ಬಾಯಲ್ಲಿ ನೊರೆ ಕಂಡಿತು. ಅವರ ಮಾತು ನಿಧಾನವಾಯಿತು. "ಒಂದ್ ನಿಮಿಷ ಇರಮ್ಮ, ಆಮೇಲ್ ಮಾಡ್ತೀನಿ," ಅಂತ ತಮಿಳಿನಲ್ಲಿ ಅಂದು ಫೋನ್ ಕೆಳಗಿಟ್ಟು ಹೆಡ್‌ಫೋನ್ ಮತ್ತೆ ಕಿವಿಗಿಟ್ಟರು. ಸ್ವಲ್ಪ ಹೊತ್ತು ಅಲುಗಾಡದೆ ಕೇಳಿದರು. ಆಮೇಲೆ ಬಂಡಿಯನ್ನು ಹುಣಸೆಮರದ ನೆರಳಿಗೆ ತಿರುಗಿಸಿ ನೊಗ ಬಿಚ್ಚಿದರು, ನೀರಿನ ತೊಟ್ಟಿಯ ಹತ್ತಿರ ಬಿಟ್ಟರು.

"ಯಾಕ್ ನಿಲ್ಲಿಸಿದ್ರಿ ಸಾರ್?" ಅಂತ ನಾನು ಕೇಳಿದೆ.

ಅವರು ತಿರುಗಿ ನನ್ನನ್ನು ನೋಡಿದರು. ಇಷ್ಟೂ ಗೊತ್ತಾಗಲ್ವಾ ಇವಳಿಗೆ ಅನ್ನುವ ನೋಟ. "ಪಾವಮ್ಮಾ," ಅಂದರು, ಪಾಪ ಕಣಮ್ಮ ಅನ್ನುವ ಹಾಗೆ. "ಎಷ್ಟ್ ದೂರಾಂತ ನಡೆಯುತ್ತೆ ಅದು."

ಪಟ್ಟಿಯ ಮಾತು ಅವರ ಬಾಯಿಂದ ಬರಲೇ ಇಲ್ಲ. ಹೊರಡುವಾಗ ನಾನೇ ಕೆದಕಿದೆ. ಅವರು, "ಯಾವ ಪಟ್ಟಿ? ಅದೆಲ್ಲ ಬೇಡ," ಅಂದು ಮೆಟ್ಟಿಲಿಳಿದರು.

ಬಾಗಿಲು ಹಾಕಿದ್ದೇ ತಡ, ತೆನ್ಮೊಳಿ ಮಾಧವನ ಮೇಜಿಗೆ ಓಡಿದಳು. "ಅಣ್ಣಾ, ಅಣ್ಣಾ, ಆ ಪಟ್ಟಿನ ಅಳ್ಸಿಬಿಡಿ. ಈಗ್ಲೇ. ಟೀ ಕೊಡುಸ್ತೀನಿ, ಪಪ್ಸೂ ಕೊಡುಸ್ತೀನಿ."

ಮಾಧವ ಕುರ್ಚಿಯನ್ನು ಹಿಂದಕ್ಕೆ ಸರಿಸಿದ. ನಾಲ್ಕು ವರ್ಷದಲ್ಲಿ ಯಾರಿಗೂ ಆಗಲ್ಲ ಅಂದವನಲ್ಲ. ಕಿವಿ ಕೆಂಪಗಾಗಿತ್ತು, ಆದರೆ ದನಿ ನಡುಗಲಿಲ್ಲ.

"ಆಗಲ್ಲ ತೆನ್ಮೊಳಿ. ಅದು ಅಕ್ಕ ಹೇಳಿ ಮಾಡ್ಸಿದ್ದು. ಅವ್ರನ್ನ ಕೇಳು."

ನನಗೆ ಅಂದು ವಸಂತಕುಮಾರರ ಮಾತಿಗಿಂತ ಆ ಒಂದು 'ಆಗಲ್ಲ' ಹೆಚ್ಚು ಹೆಮ್ಮೆ ತಂದಿತು. ಗಂಟುಮುಖ ಹಾಕಿಕೊಳ್ಳಲು ನೋಡಿದೆ, ಬರಲಿಲ್ಲ. ತೆನ್ಮೊಳಿ ಕೇಳುವ ಮೊದಲೇ, "ತೆಗ್ದುಹಾಕು ಮಾಧವ್," ಅಂದೆ.