ಮೂಳೆಯ ಬಿರುಕು

ಅಂಗಿಯ ಕಾಲರಿಗೆ ಇಸ್ತ್ರಿ ಒತ್ತುತ್ತಲೇ ಅವಳು ಅಕ್ಕನ ಮುಖ ನೋಡುತ್ತಿದ್ದಳು. ಕಾಲೇಜಿನಲ್ಲಿ ಪಾಠ ಮಾಡುವ ಅಕ್ಕ ತಂಗಿಯ ಪಿಎಚ್‌ಡಿ ಅರ್ಜಿಯ ಕೊನೆಯ ಪ್ಯಾರಾ ಓದುತ್ತಿದ್ದಳು.

“ಸೇತುವೆ ಎಂಜಿನಿಯರ್ ಆಗಿದ್ದೋಳು ಮೂಳೆಯ ಸಂಶೋಧನೆಗೆ ಯಾಕೆ ಬಂದೆ ಅನ್ನೋದು ಸರಿಯಾಗಿದೆ ಕಣೇ. ಪದೇ ಪದೇ ಭಾರ ಬಿದ್ರೆ ಎರಡರಲ್ಲೂ ಬಿರುಕು ಬೆಳೆಯುತ್ತೆ, ನೀನು ಸೇರಬೇಕು ಅಂತಿರೋ ತಂಡ ಅದನ್ನೇ ಅಳೆಯುತ್ತೆ. ಆದ್ರೆ ಮೂಳೆ ಕತ್ತರಿಸಿ ಪರೀಕ್ಷೆಗೆ ಮಾದರಿ ಮಾಡಿದ ಅನುಭವ ಇದೆ ಅಂತೀಯಲ್ಲ, ಯಾವಾಗ ತಾಯಿ? ಅಡುಗೆಮನೇಲಾ?”

ತಂಗಿಗೆ ನಗು ಬರಲಿಲ್ಲ. “ಅದಿಲ್ಲ ಅಂದ್ರೆ ನನ್ನನ್ಯಾಕೆ ತಗೋತಾರೆ?”

“ಇರ್ಲಿ ಬಿಡು, ಎಲ್ಲರೂ ಬರೀತಾರೆ,” ಎಂದು ಅಕ್ಕ ಚಪ್ಪಲಿ ಮೆಟ್ಟಿ ಹೊರಟಳು.

ತಂಗಿ ಇನ್ನೊಂದು ಅಂಗಿ ಎತ್ತಿಕೊಂಡಳು. ಸಂದರ್ಶನದಲ್ಲಿ ಆ ತಂಡದವರು ಮೊದಲು ಕೇಳುವುದು ಅದನ್ನೇ. ಯಾವ ಗರಗಸ, ಮೂಳೆ ಒಣಗದ ಹಾಗೆ ಹೇಗೆ ಇಟ್ಟಿರಿ ಎಂದರೆ ಬಾಯಿ ಕಟ್ಟುತ್ತದೆ. ಆ ಸಾಲು ತೆಗೆದರೆ ಈ ವಯಸ್ಸಿನಲ್ಲಿ ಬಾಗಿಲೇ ತೆರೆಯದಿರಬಹುದು.

ಅವಳು ಇಸ್ತ್ರಿಪೆಟ್ಟಿಗೆ ಆರಿಸಿ ಲ್ಯಾಪ್‌ಟಾಪಿನ ಮುಂದೆ ಕೂತಳು. ಸಾಲನ್ನು ಅಳಿಸಿ ಬರೆದಳು: ‘ಬಿರುಕಿನ ಲೆಕ್ಕ ನನಗೆ ಗೊತ್ತು. ಮೂಳೆಯನ್ನು ಮುಟ್ಟಿಲ್ಲ. ಅದನ್ನು ನಿಮ್ಮಲ್ಲೇ ಕಲಿಯಬೇಕು.’ ಅರ್ಜಿ ಕಳಿಸಿದಳು.

“ಅಕ್ಕ ಏನಂದ್ರು?” ಒಳಗಿನಿಂದ ಗಂಡ ಕೇಳಿದ.

“ಚೆನ್ನಾಗಿದೆ ಅಂದ್ಲು,” ಎಂದಳು.