ಅರ್ಧಕ್ಕೆ ನಿಂತ ಕುಶಲ

ಕೆಲಸದಲ್ಲಿ ಅವಳತ್ತ ಬೆರಳು ತೋರಿಸುವವರು ಯಾರೂ ಇರಲಿಲ್ಲ. ಔಷಧಿ ಕಂಪನಿಯಲ್ಲಿ ಅವಳದು ಕರಡು ತಿದ್ದುವ ಕೆಲಸ. ಮಾತ್ರೆಯ ಡಬ್ಬಿಯೊಳಗೆ ಮಡಚಿಟ್ಟಿರುವ ತೆಳು ಕಾಗದವನ್ನು ಕೊಂಡವರು ಬಿಚ್ಚಿಯೂ ನೋಡುವುದಿಲ್ಲ. ಅವಳು ಮಾತ್ರ ಅದನ್ನು ಒಂದಕ್ಷರ ಬಿಡದೆ ಓದುತ್ತಿದ್ದಳು. ಅಳತೆಯಲ್ಲಿ ಒಂದು ಚುಕ್ಕೆ ಜಾರಿದರೂ ಅವಳ ಕಣ್ಣಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು.

ಆದರೂ ಕೆಲಸ ಕಾಯಂ ಮಾಡುವ ಹೊತ್ತಿಗೆ ವಿಭಾಗದ ಮೇಡಂ ಅವಳನ್ನು ಕರೆದು ಕೂರಿಸಿಕೊಂಡರು. ಸುತ್ತಿ ಬಳಸಿ ಮಾತಾಡುವವರಲ್ಲ ಅವರು. ಮುದ್ರಣ ವಿಭಾಗದ ಮುಖ್ಯಸ್ಥರ ಒಪ್ಪಿಗೆಯೊಂದು ಬಾಕಿಯಿದೆ, ಅವರು ಹಿಂದೇಟು ಹಾಕುತ್ತಿದ್ದಾರೆ ಎಂದರು.

“ನನ್ನನ್ನ ಕಂಡ್ರೆ ಮುಖ ತಿರುಗಿಸ್ತಾಳೆ ಆ ಹುಡುಗಿ ಅಂತಾರೆ. ನಾಳೆ ಯಂತ್ರ ಓಡ್ತಿರುವಾಗ ತಪ್ಪು ಕಂಡ್ರೆ, ನನ್ನ ಹತ್ರ ಬಂದು ಹೇಳ್ತಾಳೋ, ಗೋಡೆ ನೋಡ್ಕೊಂಡು ನಿಲ್ತಾಳೋ ಅಂತ ಕೇಳಿದ್ರು. ನಾಳೆ ಸಂಜೆಯೊಳಗೆ ಹೌದು, ಇಲ್ಲ, ಏನಾದ್ರೂ ಒಂದು ಹೇಳ್ತೀನಿ ಅಂದಿದ್ದಾರೆ.”

ಮುಖ್ಯಸ್ಥರನ್ನು ಕಚೇರಿಯಲ್ಲಿ ಎಲ್ಲರೂ ಬೆನ್ನ ಹಿಂದೆ ಕಂಬ ಎನ್ನುತ್ತಿದ್ದರು. ಎತ್ತರದ ಆಳು, ಮಾತು ಕಡಿಮೆ. ಅವಳು ಮುಖ ತಿರುಗಿಸಿದ್ದು ಗರ್ವದಿಂದ ಅಲ್ಲ. ಎದುರಿಗೆ ಬಂದ ಮನುಷ್ಯನಿಗೆ ಹೇಳಲು ಏನೂ ಇಲ್ಲದಾಗ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಆಗ ಮೊಬೈಲನ್ನೋ ಸೂಚನಾಫಲಕವನ್ನೋ ನೋಡುತ್ತ ಸರಿದುಹೋಗುತ್ತಿದ್ದಳು. ಬೆಂಕಿ ಬಿದ್ದರೆ ಯಾವ ದಾರಿಯಲ್ಲಿ ಓಡಬೇಕು ಎಂಬ ಫಲಕವಂತೂ ಅವಳಿಗೆ ಬಾಯಿಪಾಠವಾಗಿತ್ತು.

ಮನೆಯಲ್ಲಿ ಅಕ್ಕನ ಮುಂದೆ ಎಲ್ಲವನ್ನೂ ತೋಡಿಕೊಂಡಳು. ಅಕ್ಕ ಹೋಟೆಲೊಂದರ ರಿಸೆಪ್ಷನ್ನಿನಲ್ಲಿ ಕೆಲಸ ಮಾಡುವವಳು, ದಿನವಿಡೀ ಅಪರಿಚಿತರಿಗೆ ನಗೆ ಹಂಚುವವಳು. ಒಗೆದ ಬಟ್ಟೆ ಮಡಚುತ್ತ ಕೇಳಿಸಿಕೊಂಡು, ತಂಗಿಯನ್ನು ನಡುಮನೆಯ ಆ ತುದಿಗೆ ನಿಲ್ಲಿಸಿ ಪಾಠ ಶುರು ಮಾಡಿದಳು. ದೂರದಲ್ಲಿ ಕಣ್ಣಿಗೆ ಕಣ್ಣು ಸಿಕ್ಕರೆ ಒಮ್ಮೆ ತಲೆಯಾಡಿಸಿ ನೋಟ ಬಿಟ್ಟುಬಿಡಬೇಕು. ಹತ್ತಿರ ಬರುವ ತನಕ ನೋಡುತ್ತಲೇ ಇದ್ದರೆ ಸಾಲ ವಸೂಲಿಗೆ ಬಂದವಳ ಹಾಗೆ ಕಾಣುತ್ತೀಯ. ದನಿ ಏರಿಸದೆ ಮಾತು ಕೇಳಿಸುವಷ್ಟು ಹತ್ತಿರವಾದಾಗ ಮತ್ತೆ ನೋಡು, ಒಂದು ಮಾತು ಆಡು, ಹೆಜ್ಜೆ ನಿಧಾನಿಸಬೇಡ. ನಿಧಾನಿಸಿದರೆ ಅವರೂ ನಿಲ್ಲಬೇಕಾಗುತ್ತದೆ. ಅದೇ ದಿನ ಮತ್ತೆ ಸಿಕ್ಕರೆ ನಮಸ್ಕಾರ ಬೇಡ, ಹುಬ್ಬು ಎತ್ತಿ ಒಂದಿಷ್ಟು ನಕ್ಕರೆ ಸಾಕು.

“ಲಿಫ್ಟಲ್ಲಿ?” ಎಂದಳು ತಂಗಿ. ಅವಳ ಭಯವೆಲ್ಲ ಇದ್ದದ್ದು ಅಲ್ಲೇ.

“ನಮಸ್ಕಾರ ಅನ್ನು. ಆಮೇಲೆ ಬಾಗಿಲು ನೋಡ್ತಾ ಸುಮ್ನೆ ನಿಲ್ಲು.”

“ಸುಮ್ನೆ ಅಂದ್ರೆ?”

“ಸುಮ್ನೆ ಅಂದ್ರೆ ಸುಮ್ನೆ ಕಣೇ. ಮೌನ ಅಂದ್ರೆ ಜಗಳ ಅಲ್ಲ. ಬಾಗಿಲು ತೆಗೆಯೋದ್ರೊಳಗೆ ಮುಗಿಯದ ಪ್ರಶ್ನೆ ಮಾತ್ರ ಕೇಳ್ಬೇಡ, ನಿನ್ನ ಪುಣ್ಯ.”

ಮರುದಿನ ಬೆಳಿಗ್ಗೆ ಲಿಫ್ಟಿನ ಬಾಗಿಲು ಇನ್ನೇನು ಕೂಡುತ್ತಿತ್ತು, ಅಷ್ಟರಲ್ಲಿ ಉದ್ದನೆಯ ಕೈಯೊಂದು ನಡುವೆ ಬಂತು. ಕಂಬ ಒಳಗೆ ಬಂದರು. ಬೇರೆ ನರಪಿಳ್ಳೆಯೂ ಇರಲಿಲ್ಲ.

“ನಮಸ್ಕಾರ ಸರ್,” ಎಂದಳು. ದನಿ ನಡುಗಲಿಲ್ಲ.

“ನಮಸ್ಕಾರ.” ತಮ್ಮ ಮಹಡಿಯ ಗುಂಡಿ ಒತ್ತಿ ಅವರು ಬಾಗಿಲ ಕಡೆ ತಿರುಗಿ ನಿಂತರು.

ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಆದರೆ ಲಿಫ್ಟಿನ ಗುಂಯ್ ಸದ್ದು ಕಿವಿ ತುಂಬಿತು. ಹಿಂದಿನಿಂದ ಕಾಣುತ್ತಿದ್ದ ಅವರ ಕುತ್ತಿಗೆ ಅವಳಿಗೆ ಮುನಿಸಿಕೊಂಡ ಹಾಗೆ ಕಂಡಿತು. ಇವಳು ಮತ್ತೆ ಗೋಡೆ ನೋಡುತ್ತಿದ್ದಾಳೆ ಎಂದುಕೊಳ್ಳುತ್ತಿದ್ದಾರೆ, ಸಂಜೆ ಇಲ್ಲ ಎನ್ನುತ್ತಾರೆ. ತಡೆಯಲಾಗಲಿಲ್ಲ.

“ಮನೇಲಿ ಎಲ್ಲ ಚೆನ್ನಾಗಿದ್ದಾರಾ ಸರ್?”

ಅವರು ಬೆಚ್ಚಿದವರಂತೆ ತಿರುಗಿದರು. ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು. “ಇಲ್ಲ, ಅದು... ನಮ್ಮ ಮನೆಯವಳಿಗೆ...”

ಟಿಣ್ ಎಂದಿತು. ಅವಳ ಮಹಡಿ. ಕಾಲುಗಳು ಅಭ್ಯಾಸಬಲದಿಂದ ಹೊರಗೆ ನಡೆದುಬಿಟ್ಟವು. ಹೊರಳಿ ನೋಡುವಷ್ಟರಲ್ಲಿ ಬಾಗಿಲ ಎರಡು ಹೋಳುಗಳು ಅವರ ಅರ್ಧ ತೆರೆದ ಬಾಯಿಯ ಮೇಲೆ ಕೂಡಿಕೊಂಡವು.

ಆ ದಿನ ಅವಳು ಒಂದೇ ಸಾಲನ್ನು ಮತ್ತೆ ಮತ್ತೆ ಓದಿದಳು. ಮನೆಯವಳಿಗೆ ಏನು? ಕಾಯಿಲೆಯೇ, ಅದಕ್ಕಿಂತ ಕೆಟ್ಟದ್ದೇ? ಮನುಷ್ಯ ಎದೆ ತೆರೆಯುವಾಗ ಬೆನ್ನು ತೋರಿಸಿ ಬಂದವಳು ತಾನು. ಹೋಗಿ ಕ್ಷಮೆ ಕೇಳೋಣವೆಂದರೆ ಅವರ ವಿಭಾಗದಲ್ಲಿ ಹತ್ತು ಜೊತೆ ಕಿವಿ. ಮನಸ್ಸಿನಲ್ಲೇ ಒಂದು ಮಾತು ಬರೆದಳು, ತಿದ್ದಿದಳು, ಪದ ಬದಲಿಸಿದಳು. ಅದು ಕೊನೆಗೆ ಸಂತಾಪ ಸೂಚನೆಯಂತೆ ಕೇಳಿಸತೊಡಗಿತು.

ಮಧ್ಯಾಹ್ನ ತಿದ್ದಿದ ಕರಡು ಕೊಡಲು ಮೇಲಿನ ಮಹಡಿಗೆ ಹೋಗಲೇಬೇಕಾಯಿತು. ಉದ್ದನೆಯ ಕಾರಿಡಾರ್, ಎರಡೂ ಕಡೆ ಮುಚ್ಚಿದ ಬಾಗಿಲುಗಳು. ಆ ತುದಿಯಲ್ಲಿ ಕಂಬ ಪ್ರತ್ಯಕ್ಷರಾದರು. ಕಣ್ಣಿಗೆ ಕಣ್ಣು ಸಿಕ್ಕಿತು. ತಲೆಯಾಡಿಸಿ ನೋಟವನ್ನು ಕೈಯಲ್ಲಿದ್ದ ಹಾಳೆಗೆ ಇಳಿಸಿದಳು. ಮತ್ತೆ ಕಣ್ಣೆತ್ತಿದಾಗ ಕಾರಿಡಾರ್ ಖಾಲಿ. ಪಕ್ಕದ ಬಾಗಿಲೊಂದು ಮೆಲ್ಲಗೆ ಮುಚ್ಚಿಕೊಳ್ಳುತ್ತಿತ್ತು.

ಆ ಬಾಗಿಲು ಅವಳಿಗೆ ಗೊತ್ತಿತ್ತು. ಕಸಪೊರಕೆ, ಫಿನಾಯಿಲು, ಬಕೆಟ್ಟು ಇಡುವ ಗೂಡು ಅದು. ಒಬ್ಬರು ನೆಟ್ಟಗೆ ನಿಲ್ಲುವಷ್ಟೂ ಜಾಗವಿಲ್ಲ. ಮುದ್ರಣ ವಿಭಾಗದ ಮುಖ್ಯಸ್ಥರಿಗೆ ಅಲ್ಲೇನು ಕೆಲಸ?

ಥಟ್ಟನೆ ಹೊಳೆಯಿತು. ಮಾತು ಮುಂದುವರಿಸಬೇಕೋ ಬಿಡಬೇಕೋ ಗೊತ್ತಾಗದೆ ಅಡಗಿಕೊಂಡಿದ್ದಾರೆ. ಅವಳಿಗೆ ನಗು ಬರಲಿಲ್ಲ. ಆ ಕತ್ತಲೆಯಲ್ಲಿ ಉಸಿರು ಬಿಗಿಹಿಡಿದು ಹೆಜ್ಜೆ ಸದ್ದು ಆಲಿಸುವುದು ಏನೆಂದು ಅವಳಷ್ಟು ಬಲ್ಲವರು ಯಾರು? ಹೆಜ್ಜೆ ಬಿರುಸು ಮಾಡಿದಳು, ಚಪ್ಪಲಿ ಸದ್ದು ಚೆನ್ನಾಗಿ ಕೇಳಿಸಲಿ, ತಾನು ದಾಟಿಹೋದದ್ದು ಅವರಿಗೆ ತಿಳಿಯಲಿ ಎಂದು.

ಒಳಗೆ ಬಕೆಟ್ಟೊಂದು ಉರುಳಿತು. ಬಾಗಿಲು ತಾನಾಗಿಯೇ ತೆರೆದುಕೊಂಡಿತು. ಕತ್ತು ಬಗ್ಗಿಸಿ, ಒಂದು ಕೈಯಲ್ಲಿ ಬೀಳುತ್ತಿದ್ದ ಪೊರಕೆ ಹಿಡಿದು, ಕಂಬ ಅವಳೆದುರಿಗೇ ನಿಂತಿದ್ದರು. ಅವರ ಕಿವಿ ಕೆಂಪಾಯಿತು.

ಏನ್ ಸರ್ ಇಲ್ಲಿ ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂದು ನಿಂತಿತು. ಬೆಳಗಿನ ಕ್ಷಮೆಯೂ ಅದರ ಹಿಂದೆ ತಳ್ಳಾಡುತ್ತಿತ್ತು. ಎರಡರಲ್ಲಿ ಯಾವುದನ್ನು ಆಡಿದರೂ ಆ ಮನುಷ್ಯ ಪೊರಕೆ ಹಿಡಿದುಕೊಂಡೇ ಉತ್ತರ ಹೇಳಬೇಕಾಗುತ್ತಿತ್ತು. ಅವಳು ಎರಡನ್ನೂ ನುಂಗಿದಳು. ಹುಬ್ಬು ತುಸು ಎತ್ತಿದಳು, ಒಂದಿಷ್ಟು ನಕ್ಕಳು, ಪೊರಕೆಯ ಕಡೆ ನೋಡಲಿಲ್ಲ. ಹೆಜ್ಜೆ ನಿಧಾನಿಸದೆ ಮುಂದೆ ಹೋದಳು. ಬೆನ್ನ ಹಿಂದೆ ದೊಡ್ಡದೊಂದು ಉಸಿರು ಹೊರಬಿದ್ದದ್ದು ಕೇಳಿಸಿತು.

ಸಂಜೆ ಹೊರಡುವವರೆಗೂ ಮೇಡಂ ಏನೂ ಹೇಳಲಿಲ್ಲ. ಲಿಫ್ಟ್ ಬಂದು ಬಾಗಿಲು ತೆರೆದಾಗ ಒಳಗೆ ಅವರೊಬ್ಬರೇ ಇದ್ದರು. ಮೆಟ್ಟಿಲ ಕಡೆ ತಿರುಗಲು ಇನ್ನೂ ಅವಕಾಶವಿತ್ತು. ಒಳಗೆ ಹೋದಳು.

“ಕೆಳಗೇನಾ?” ಎಂದರು.

“ಹೂಂ ಸರ್.”

ಇಬ್ಬರೂ ಬಾಗಿಲು ನೋಡುತ್ತ ನಿಂತರು. ಮೌನ ಬಂತು. ಬೆಳಗಿನ ಹಾಗೆಯೇ ಎದೆಯ ಮೇಲೆ ಕೂತಿತು, ಏನಾದರೂ ಆಡು ಎಂದು ಪೀಡಿಸಿತು. ಅವಳು ಚೀಲದ ಪಟ್ಟಿ ಬಿಗಿಯಾಗಿ ಹಿಡಿದು ಅದನ್ನು ಹಾಗೇ ಇರಲು ಬಿಟ್ಟಳು. ಒಂದು ಮಹಡಿ ದಾಟಿತು. ಮೌನ ಇದ್ದಲ್ಲೇ ಇತ್ತು, ಆದರೆ ಯಾರನ್ನೂ ಕಚ್ಚಲಿಲ್ಲ.

“ಮನೆಯವಳಿಗೆ ಕಣ್ಣಿನ ಆಪರೇಷನ್ ಆಗಿದೆ,” ಎಂದರು ಅವರು, ಬಾಗಿಲಿಗೇ ಹೇಳುವಂತೆ. “ಈಗ ಪರವಾಗಿಲ್ಲ.”

“ಒಳ್ಳೇದಾಯ್ತು ಸರ್.”

ಬಾಗಿಲು ತೆರೆಯಿತು. ಅವಳಿಗೆ ಮೊದಲು ದಾರಿ ಬಿಟ್ಟು, ಹೊರಗೆ ಬಂದ ಮೇಲೆ ಅವರು ನಿಲ್ಲದೆಯೇ ಹೇಳಿದರು.

“ಮೇಡಂಗೆ ಹೌದು ಅಂದಿದ್ದೀನಿ. ತಪ್ಪು ಕಂಡ್ರೆ ಯಂತ್ರದ ಹತ್ರಾನೇ ಬಂದು ಹೇಳಿ. ಪೀಠಿಕೆ ಏನೂ ಬೇಡ.”

ಅವಳು ತಲೆಯಾಡಿಸಿದಳು. ಅವರು ಬೀದಿಯ ಎಡಕ್ಕೆ ತಿರುಗಿದರು. ಅವಳ ಬಸ್ ನಿಲ್ದಾಣವೂ ಎಡಕ್ಕೇ ಇತ್ತು. ಒಂದು ಗಳಿಗೆ ಹಿಂದೆಮುಂದೆ ನೋಡಿ, ಅವಳೂ ಎಡಕ್ಕೇ ನಡೆದಳು.