ಒಲೆಯ ಕಡೆಗೆ ಹೋಗುವ ಬಾಣ

ನರ್ಸಿಂಗ್ ಕಾಲೇಜಿನ ಹುಡುಗಿಯರು ಅವಳನ್ನು ಅಜ್ಜಿ ಎಂದೇ ಕರೆಯುತ್ತಿದ್ದರು. ಇಬ್ಬರು ಮಕ್ಕಳ ತಾಯಿ, ಬೆಂಚಿನಲ್ಲಿ ಎಲ್ಲರಿಗಿಂತ ಹಿರಿಯಳು. ಶರೀರಶಾಸ್ತ್ರದ ಮೌಖಿಕ ಪರೀಕ್ಷೆಯಲ್ಲಿ ಒಮ್ಮೆ ಮುಗ್ಗರಿಸಿದ್ದಾಗಿತ್ತು. ಈ ಸಲವೂ ಬಿದ್ದರೆ ಕಾಲೇಜಿನಿಂದ ಹೆಸರೇ ಹೋಗುತ್ತಿತ್ತು. ಪರೀಕ್ಷೆಯ ಕೋಣೆಯ ಹೊರಗೆ ಜಗುಲಿಯಲ್ಲಿ ಅತ್ತೆ ಚಿಕ್ಕ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು.

ಓದಿಸಿದ್ದೂ ಅತ್ತೆಯೇ. ಮೂತ್ರಪಿಂಡದೊಳಗೆ ರಕ್ತ ಸೋಸುವ ಸಣ್ಣ ಘಟಕ, ಆ ನೆಫ್ರಾನಿನ ಚಿತ್ರವನ್ನು ಅಡುಗೆಮನೆ ಗೋಡೆಗೆ ಅಂಟಿಸಿ, ಸೊಸೆ ಸಾರು ಕುದಿಸುವಾಗ ಪ್ರಶ್ನೆ ಕೇಳುತ್ತಿದ್ದರು. ಆ ಚಿತ್ರದಲ್ಲಿ, ಸೋಸಿದ ನೀರು ಹರಿಯುವ ನಾಳಿಕೆಯ ಬಲಕ್ಕೆ, ಒಲೆಯ ಪಕ್ಕಕ್ಕೆ, ರಕ್ತನಾಳವಿತ್ತು. ಒಲೆಯ ಕಡೆಗೆ ಬಾಣ ಹೋದರೆ ಮರುಹೀರಿಕೆ, ರಕ್ತಕ್ಕೆ ವಾಪಸ್; ಎಡಕ್ಕೆ, ಬಾಗಿಲ ಕಡೆಗೆ ಬಂದರೆ ಸ್ರವಿಕೆ, ರಕ್ತದಿಂದ ನಾಳಿಕೆಗೆ. ಅವಳು ಹಾಗೆಯೇ ಬಾಯಿಪಾಠ ಮಾಡಿದ್ದಳು.

ಪರೀಕ್ಷಕಿ ಮೇಜಿನ ಮೇಲೆ ಹೆಸರುಗಳಿಲ್ಲದ ಚಿತ್ರ ಹರಡಿ, ಮೂರು ಕಾಗದದ ಬಾಣ ಕೊಟ್ಟರು: ಸೋಸುವಿಕೆಗೊಂದು, ಗ್ಲೂಕೋಸ್‌ಗೊಂದು, ಪೊಟ್ಯಾಸಿಯಂಗೊಂದು. ಗಂಟೆ ಬಾರಿಸುವವರೆಗೆ ತಿದ್ದಬಹುದು, ಆಮೇಲಿಲ್ಲ ಎಂದರು.

ಸೋಸುವಿಕೆಯದು ಸಲೀಸಾಯಿತು: ಮೇಲಿನ ರಕ್ತನಾಳಗಳ ಗುಚ್ಛದಿಂದ, ಅದನ್ನು ಸುತ್ತಿದ ಬಟ್ಟಲಿನೊಳಕ್ಕೆ. ಗ್ಲೂಕೋಸ್‌ಗೆ ಬಾಣವನ್ನು ಬಲಕ್ಕೆ ಇಟ್ಟಳು, ಪೊಟ್ಯಾಸಿಯಂಗೆ ಎಡಕ್ಕೆ. ಬಾಗಿಲ ಬಳಿ ನಿಂತಿದ್ದ ಅವಳ ಕಾಲೇಜಿನ ಮೇಡಂ ಗಂಟಲು ಸರಿಮಾಡಿಕೊಂಡರು. ಪರೀಕ್ಷಕಿ ಗಡಿಯಾರ ನೋಡಿದರು.

"ಸಕ್ಕರೆ ಎಲ್ಲಿಂದ ಎಲ್ಲಿಗೆ ಹೋಗ್ತಿದೆಯಮ್ಮ?"

"ನಾಳಿಕೆಯಿಂದ ರಕ್ತಕ್ಕೆ, ಮೇಡಂ."

"ರಕ್ತ ತೋರಿಸು."

ಬೆರಳು ಬಲಕ್ಕೆ ಹೋಯಿತು. ಅಲ್ಲಿ ಬರೀ ಬಿಳಿ ಕಾಗದ. ಅವಳು ಬೆರಳನ್ನು ಗುಚ್ಛದ ಮೇಲಿಟ್ಟು, ಅಲ್ಲಿಂದ ಹೊರಟ ನಾಳದ ಮೇಲೆ ಮೆಲ್ಲಗೆ ಎಳೆದಳು. ಅದು ಕೆಳಗಿಳಿದು, ನಾಳಿಕೆಯ ಎಡಕ್ಕೆ ಬಳ್ಳಿಯಂತೆ ಹಬ್ಬಿತ್ತು. ಈ ಚಿತ್ರ ಎಡಬಲ ತಿರುವಿ ಬರೆದದ್ದು. ಒಲೆ ಎಡಕ್ಕಿತ್ತು.

ಪರೀಕ್ಷಕಿಯ ಕೈ ಗಂಟೆಯ ಕಡೆ ಚಾಚಿತು. ಅವಳು ಎರಡೂ ಬಾಣ ಕಿತ್ತು ತಿರುಗಿಸಿಟ್ಟಳು. ಗ್ಲೂಕೋಸಿನದು ಬಟ್ಟಲಿನ ಹತ್ತಿರದ ನಾಳಿಕೆಯ ಸುರುಳಿಯಿಂದ ರಕ್ತಕ್ಕೆ, ಪೊಟ್ಯಾಸಿಯಂನದು ರಕ್ತದಿಂದ ನಾಳಿಕೆಯ ಕೊನೆಭಾಗಕ್ಕೆ.

ಪರೀಕ್ಷಕಿ ಗಂಟೆ ಬಾರಿಸಿದರು.

"ಸೋಸಿದ ನೀರೆಲ್ಲ ಹೀಗೇ ಹೊರಗೆ ಹೋಗಿಬಿಟ್ರೆ?"

"ಮನುಷ್ಯ ಬತ್ತಿ ಹೋಗ್ತಾನೆ ಮೇಡಂ. ಅದಕ್ಕೇ ಹೆಚ್ಚಿನದೆಲ್ಲ ರಕ್ತಕ್ಕೆ ವಾಪಸ್ ಬರುತ್ತೆ. ಉಳಿದದ್ದು ಮೂತ್ರ."

"ಎಡ ಬಲ ನೋಡಬೇಡ. ರಕ್ತ ನೋಡು. ಪಾಸು, ಹೋಗು."

ಹೊರಗೆ ಅತ್ತೆ ಮುಖವನ್ನೇ ನೋಡಿ ತಿಳಿದುಕೊಂಡು, ಮಗುವನ್ನು ಕೈಗಿತ್ತರು. ಇಷ್ಟು ಹೊತ್ತು ಯಾಕಾಯಿತು ಎಂದಷ್ಟೇ ಕೇಳಿದರು.

"ಒಲೆ ಜಾಗ ಬದಲಾಯಿಸಿಬಿಟ್ಟಿದ್ರು ಅತ್ತೆ. ಹುಡುಕಬೇಕಾಯ್ತು."